ಖಾಲಿ ಜಾಗಕ್ಕೆ 94 ಕೋಟಿ ಬೈಟ್

ಚೌಕಾಬಾರಕ್ಕೆ ಬೇಕಾದ ಸಾಮಾನು ಒಂದು ಮುಷ್ಟಿ: ನಾಲ್ಕು ಕವಡೆ, ನಾಲ್ವರಿಗೆ ನಾಲ್ಕರಂತೆ ಹದಿನಾರು ಕಾಯಿ. ಹುಣಸೆಬೀಜ, ಬಳೆಚೂರು, ಏನಾದರೂ ಆಗುತ್ತದೆ. ಅವನ್ನೆಲ್ಲ ಕಡುನೀಲಿ ಕಾಗದದ ಮೇಲೆ ಒಂದಕ್ಕೊಂದು ತಾಗದಂತೆ ಹರವಿ ಫೋನಿನಲ್ಲಿ ಒಂದೇ ಫೋಟೋ ತೆಗೆದು, ಫೋನಿನಲ್ಲಿ ಆಡುವ ಆಟಕ್ಕಾಗಿ ಇಪ್ಪತ್ತನ್ನೂ ಬೇರೆಬೇರೆ ಪಾರದರ್ಶಕ ಚಿತ್ರಗಳಾಗಿ ಕತ್ತರಿಸಬೇಕು ಎಂದುಕೊಳ್ಳಿ. ಬಿಳಿ ಕಾಗದ ಬೇಡ; ಹಿನ್ನೆಲೆ ಅಳಿಸುವಾಗ ಕವಡೆಯ ಬಿಳುಪೂ ಜೊತೆಗೇ ಹೋಗುತ್ತದೆ.

ಫೋಟೋ 4000 ಅಡ್ಡ, 3000 ಉದ್ದ: ಒಟ್ಟು 1.2 ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್; ಎಷ್ಟು ಕಾಣಬೇಕು ಎಂದು ಹೇಳುವ ಆಲ್ಫಾ ನಾಲ್ಕನೆಯದು. ಅಲ್ಲಿಗೆ 4.8 ಕೋಟಿ ಬೈಟ್. ಹಲವರು ಒಂದೊಂದು ವಸ್ತುವನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸುತ್ತಾರೆ, ಆದರೆ ಚಿತ್ರದ ಅಳತೆಯನ್ನು ಹಾಗೇ ಬಿಡುತ್ತಾರೆ. ಡಿಸ್ಕಿನಲ್ಲಿ ಫೈಲು ಚಿಕ್ಕದಾಗಿಯೇ ಕಾಣುತ್ತದೆ, ಏಕೆಂದರೆ PNG ಖಾಲಿ ಜಾಗವನ್ನು ಚೆನ್ನಾಗಿ ಅದುಮಿಡುತ್ತದೆ. ಆಟ ಶುರುವಾದಾಗ ಅದು ಮೆಮೊರಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ: ಇಪ್ಪತ್ತಕ್ಕೆ 96 ಕೋಟಿ ಬೈಟ್! ಒಂದು ಕವಡೆ ಹಿಡಿಯುವುದು 500×400, ಅಂದರೆ ಚಿತ್ರದ ಅರವತ್ತನೇ ಒಂದು ಪಾಲು. ಉಳಿದ ಐವತ್ತೊಂಬತ್ತು ಪಾಲು ಬರೀ ಶೂನ್ಯ. ಫೋನು ಬಿಸಿಯಾಗುವುದು, ಆಟ ತಾನಾಗಿ ಮುಚ್ಚಿಕೊಳ್ಳುವುದು ಈ ಶೂನ್ಯದ ಭಾರಕ್ಕೆ.

ಅಂಚಿಗೆ ಸರಿಯಾಗಿ ಕತ್ತರಿಸಿ ಕುಗ್ಗಿಸಿದರೆ ಸಾಕು:

```
magick kavade.png -trim +repage -resize 128x128 kavade-s.png
```

ಈಗ ಒಂದಕ್ಕೆ ಹೆಚ್ಚೆಂದರೆ 65,536 ಬೈಟ್, ಇಪ್ಪತ್ತಕ್ಕೂ ಸೇರಿ ಸುಮಾರು 13 ಲಕ್ಷ. ಏಳುನೂರು ಪಟ್ಟಿಗಿಂತ ಹೆಚ್ಚು ಇಳಿಕೆ, ಇಪ್ಪತ್ತೈದು ಮನೆಯ ಹಾಸಿನ ಮೇಲೆ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ.

ಇನ್ನು ಅಂಚು. ಮೂಲ ಫೋಟೋದಲ್ಲಿ ಕವಡೆಯದು ಸುಮಾರು 1,57,000 ಪಿಕ್ಸೆಲ್. ಅದರ ಸುತ್ತ ಕಾಗದದೊಂದಿಗೆ ಬೆರೆತವು ನಾಲ್ಕು ಸಾವಿರದಷ್ಟು. ಕೆಲಸ ಕೆಡುವುದು ಆ ನೂರಕ್ಕೆ ಮೂರರಲ್ಲಿಯೇ. ಕವಡೆಯ ಕೆಂಪಿನ ಅಂಶ 230, ಕಾಗದದ್ದು 30 ಇದ್ದರೆ ಅರ್ಧಂಬರ್ಧ ಮುಚ್ಚಿದ ಪಿಕ್ಸೆಲ್ 130 ತೋರಿಸುತ್ತದೆ. ಅದನ್ನು ಹಾಗೇ ಉಳಿಸಿದರೆ ತಿಳಿಬಣ್ಣದ ಹಾಸಿನ ಮೇಲೆ ಕವಡೆಗೆ ನೀಲಿ ಗೆರೆ ಸುತ್ತಿಕೊಳ್ಳುತ್ತದೆ. ಕಾಗದದ ಪಾಲನ್ನು ಕಳೆಯಬೇಕು: (130 − 15) ÷ 0.5 = 230. ಬಣ್ಣ ಮರಳಿತು, ಆಲ್ಫಾ ಅರ್ಧವಾಯಿತು.

ಬಳೆಚೂರಿಗೆ ಇಷ್ಟು ಸಾಲದು. ಗಾಜಿನ ಒಳಗೆಲ್ಲ ಕಾಗದವೇ ಇಣುಕುತ್ತದೆ, ಅಲ್ಲಿ ಪ್ರತಿ ಪಿಕ್ಸೆಲ್ಲೂ ಅಂಚೇ. ಗಾಜಿನ ಮೂರು ಬಣ್ಣದ ಅಂಶ ಮತ್ತು ಆಲ್ಫಾ ಸೇರಿ ತಿಳಿಯಬೇಕಾದ್ದು ನಾಲ್ಕು, ಫೋಟೋ ಕೊಡುವ ಸಮೀಕರಣ ಮೂರೇ. ಆಲ್ವಿ ರೇ ಸ್ಮಿತ್ ಮತ್ತು ಜಿಮ್ ಬ್ಲಿನ್ 1996ರಲ್ಲಿ ತೋರಿಸಿದ ದಾರಿ ಹೀಗಿದೆ: ಅದೇ ವಸ್ತುವನ್ನು ಬೇರೆ ಬಣ್ಣದ ಹಿನ್ನೆಲೆಯಲ್ಲಿ ಇನ್ನೊಮ್ಮೆ ತೆಗೆಯುವುದು. ಆಗ ಸಮೀಕರಣ ಆರು, ಉತ್ತರ ಸಿಗುತ್ತದೆ. ಆದರೆ ಎರಡು ಫೋಟೋಗಳ ನಡುವೆ ಬೆಳಕೂ ಬದಲಾಗಬಾರದು, ಫೋನೂ ಚೂರೂ ಕದಲಬಾರದು. ಹಾಗಾಗಿ ಚೂರುಗಳನ್ನು ಗಾಜಿನ ಹಲಗೆಯ ಮೇಲಿಟ್ಟು, ಫೋನನ್ನು ಸ್ಟ್ಯಾಂಡಿಗೆ ಬಿಗಿದು, ಕಾಗದವನ್ನು ಹಲಗೆಯ ಕೆಳಗಿನಿಂದ ಎಳೆದು ಬದಲಿಸುವುದು ಒಳ್ಳೆಯದು.