ಫ್ರಾಂಚೈಸಿ ಒಪ್ಪಂದ: ಸಹಿಗೆ ಮೊದಲು ಬರೆಯಬೇಕಾದ ಎರಡು ಹಾಳೆ

ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವ ಕಂಪನಿ ಸಹಿಗೆ ಕನಿಷ್ಠ 14 ದಿನ ಮೊದಲೇ 23 ಅಂಶಗಳ ವಿವರಪತ್ರವನ್ನು ಅರ್ಜಿದಾರರ ಕೈಗೆ ಕೊಡಬೇಕು. ಶುಲ್ಕ, ತರಬೇತಿ, ಪ್ರದೇಶ ಎಲ್ಲಕ್ಕೂ ಅದರಲ್ಲಿ ಗೊತ್ತಾದ ಜಾಗವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯಂಥವುಗಳ ಅಡಿಯಲ್ಲೇ ವ್ಯವಹಾರ ನಡೆಯುತ್ತದೆ. ಹಾಗಾಗಿ ದಪ್ಪನೆಯ ಇಂಗ್ಲಿಷ್ ಒಪ್ಪಂದದಿಂದ ಆ ವಿವರಪತ್ರವನ್ನು ನಾವೇ ಹೆಕ್ಕಿ ಬರೆದುಕೊಳ್ಳಬೇಕು.

ತುಮಕೂರಿನಲ್ಲಿ ಟೀ–ತಿಂಡಿ ಅಂಗಡಿಯ ಫ್ರಾಂಚೈಸಿ ಹಿಡಿಯಲು ಹೊರಟ ಒಬ್ಬರಿದ್ದಾರೆ ಎಂದುಕೊಳ್ಳಿ. ಮಾರಾಟ ಪ್ರತಿನಿಧಿ ಅವರಿಗೆ ಹೇಳಿದ್ದು ಇಷ್ಟೇ: ‘ರಾಯಲ್ಟಿ ಶೇ 6.’ ಒಪ್ಪಂದದ ರಾಯಲ್ಟಿ ಕಲಮಿನಲ್ಲೂ ಶೇ 6 ಎಂದೇ ಇದೆ. ಆದರೆ ಓದು ಅಲ್ಲಿಂದ ಶುರುವಾಗಬಾರದು, ಮೊದಲ ಪುಟಗಳ ವ್ಯಾಖ್ಯೆಗಳಿಂದ ಶುರುವಾಗಬೇಕು. ಶೇ 6 ಯಾವುದರ ಮೇಲೆ ಎಂಬುದು ಇರುವುದು ಅಲ್ಲಿ. ಈ ಒಪ್ಪಂದದಲ್ಲಿ ‘ಒಟ್ಟು ಮಾರಾಟ’ ಎಂದರೆ ಜಿಎಸ್‌ಟಿ ಬಿಟ್ಟು ಬಿಲ್ಲಿನ ಪೂರ್ತಿ ಮೊತ್ತ. ಡೆಲಿವರಿ ಆ್ಯಪ್ ಹಿಡಿದುಕೊಳ್ಳುವ ಕಮಿಷನ್ ಅದರಿಂದ ಕಳೆಯುವುದಿಲ್ಲ. ತಿಂಗಳಿಗೆ 5 ಲಕ್ಷ ವ್ಯಾಪಾರವಾಗಿ, ಅದರಲ್ಲಿ 50,000 ರೂಪಾಯಿ ಆ್ಯಪ್‌ನವರ ಪಾಲಾದರೂ ರಾಯಲ್ಟಿ 5 ಲಕ್ಷಕ್ಕೇ: 30,000 ರೂಪಾಯಿ.

ಇನ್ನೊಂದು ಕಲಮಿನಲ್ಲಿ ಪ್ರಚಾರ ನಿಧಿಗೆ ಶೇ 2 ಇದೆ, ಅಂದರೆ 10,000. ಎರಡೂ ಸೇರಿ 40,000ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 47,200. ಶೇ 5ರ ದರದಲ್ಲಿ ಜಿಎಸ್‌ಟಿ ಕಟ್ಟುವ ಸಾಮಾನ್ಯ ಹೋಟೆಲುಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗದ ಕಾರಣ ಆ 7,200 ರೂಪಾಯಿ ಪೂರ್ತಿ ಖರ್ಚೇ. ಶೇ 6 ಎಂದು ಕೇಳಿಸಿಕೊಂಡದ್ದು ಈಗ ಶೇ 9.44 ಆಗಿದೆ.

ಅನುಬಂಧದ ಪಟ್ಟಿಯಲ್ಲಿ ಇನ್ನೊಂದು ಸಾಲು ಸಿಗುತ್ತದೆ: ‘ಕನಿಷ್ಠ ರಾಯಲ್ಟಿ ತಿಂಗಳಿಗೆ 25,000 ರೂಪಾಯಿ, ಯಾವುದು ಹೆಚ್ಚೋ ಅದು.’ ಆಷಾಢದಲ್ಲೋ ಕಾಲೇಜು ರಜೆಯಲ್ಲೋ ವ್ಯಾಪಾರ 3 ಲಕ್ಷಕ್ಕೆ ಇಳಿಯಿತೆನ್ನಿ. ಶೇ 6ರ ಲೆಕ್ಕದಲ್ಲಿ 18,000 ಕೊಡಬೇಕಿದ್ದಲ್ಲಿ 25,000 ಕೊಡಬೇಕು. ಪ್ರಚಾರ ನಿಧಿ, ತೆರಿಗೆ ಸೇರಿ 36,580. ಮಾರಾಟದ ಶೇ 12ಕ್ಕೂ ಹೆಚ್ಚು. ನನ್ನ ಮಟ್ಟಿಗೆ ಇಡೀ ಸಾರಾಂಶದಲ್ಲಿ ಅತಿ ಮುಖ್ಯವಾದ ಸಾಲು ಇದೇ. ಒಳ್ಳೆಯ ತಿಂಗಳ ಲೆಕ್ಕವನ್ನು ಕಂಪನಿಯವರು ಹೇಗೂ ತೋರಿಸುತ್ತಾರೆ, ಕೆಟ್ಟ ತಿಂಗಳಿನದನ್ನು ನಾವು ಹಾಕಬೇಕು.

ಪ್ರತಿ ಶುಲ್ಕದ ಎದುರು ಮೊತ್ತ, ಯಾವಾಗ ಕಟ್ಟಬೇಕು, ವಾಪಸ್ ಬರುತ್ತದೆಯೇ, ಯಾವ ಕಲಮು, ಯಾವ ಪುಟ ಎಂದು ಬರೆಯಿರಿ. ಒಪ್ಪಂದದ ಮೂಲ ವಾಕ್ಯವನ್ನೂ ಪಕ್ಕದಲ್ಲಿ ಇಟ್ಟುಕೊಂಡರೆ ಮುಂದೆ ವಕೀಲರು ತಾಳೆ ನೋಡಬಹುದು. ‘ಕಂಪನಿಯ ಕೈಪಿಡಿಯಲ್ಲಿ ಕಾಲಕಾಲಕ್ಕೆ ಸೂಚಿಸುವ ಶುಲ್ಕ’ ಎಂದಿದ್ದರೆ ಕೈಪಿಡಿಯನ್ನೇ ತರಿಸಿ ಓದಬೇಕು. ಕೊಡದಿದ್ದರೆ ಆ ಸಾಲಿನ ಎದುರು ‘ಮಿತಿ ಇಲ್ಲ’ ಎಂದು ಬರೆಯಿರಿ.

ಪ್ರದೇಶದ ವಿಷಯದಲ್ಲಿ ಹಕ್ಕು ಒಂದು ಕಡೆ, ಅದರ ವಿನಾಯಿತಿಗಳು ಇನ್ನೊಂದು ಕಡೆ ಇರುವುದೇ ಹೆಚ್ಚು. ನಾಲ್ಕನೇ ಕಲಮು ಎರಡು ಕಿಲೋಮೀಟರ್ ಸುತ್ತಳತೆಯಲ್ಲಿ ಬೇರೆ ಅಂಗಡಿ ಕೊಡುವುದಿಲ್ಲ ಎನ್ನುತ್ತದೆ. ಹನ್ನೊಂದನೆಯದು ಮಾಲ್, ರೈಲು ನಿಲ್ದಾಣ, ಆನ್‌ಲೈನ್ ಮಾರಾಟವನ್ನು ಕಂಪನಿಗೇ ಕಾಯ್ದಿರಿಸುತ್ತದೆ. ಹದಿನಾರನೆಯದು, ಮಾರಾಟದ ಗುರಿ ಎರಡು ತ್ರೈಮಾಸಿಕ ತಪ್ಪಿದರೆ ಆ ರಕ್ಷಣೆಯೇ ರದ್ದು ಎನ್ನುತ್ತದೆ. ಸಾರಾಂಶದಲ್ಲಿ ಮೂರನ್ನೂ ಒಂದೇ ಕಡೆ ತಂದಾಗಷ್ಟೇ ನಿಜವಾಗಿ ಸಿಕ್ಕಿದ್ದೆಷ್ಟು ಎಂದು ಕಾಣುತ್ತದೆ. ಪಕ್ಕದ ಶಾಖೆಯವರು ಆ್ಯಪ್ ಮೂಲಕ ನಿಮ್ಮ ಬೀದಿಗೇ ಟೀ ಕಳಿಸಬಹುದೇ ಎಂಬುದಕ್ಕೆ ಎಲ್ಲೂ ಉತ್ತರವಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಡಿ. ‘ಒಪ್ಪಂದ ಹೇಳಿಲ್ಲ’ ಎಂದೇ ಬರೆಯಿರಿ.

ತರಬೇತಿಗೆ ಎರಡು ಅಂಕಣ ಸಾಕು: ಕಂಪನಿ ಮಾಡಲೇಬೇಕಾದದ್ದು, ಮಾಡಿದರೆ ಮಾಡಬಹುದಾದದ್ದು. ಬೆಂಗಳೂರಿನಲ್ಲಿ ಇಬ್ಬರಿಗೆ ಹತ್ತು ದಿನದ ತರಬೇತಿ ಮೊದಲನೆಯದಕ್ಕೆ ಸೇರುತ್ತದೆ. ಅಂಗಡಿ ತೆರೆದಾಗ ಅನುಭವಿಯೊಬ್ಬರನ್ನು ಕಳಿಸುವುದು ‘ಕಂಪನಿಗೆ ಸೂಕ್ತವೆನಿಸಿದಲ್ಲಿ’ ಎಂದಿದ್ದರೆ ಎರಡನೆಯದಕ್ಕೆ. ಆ ಹತ್ತು ದಿನದ ಊಟ, ವಸತಿ, ಸಂಬಳ ಯಾರದು ಎಂದೂ ಹುಡುಕಿ. ಮ್ಯಾನೇಜರ್ ಬಿಟ್ಟುಹೋದರೆ ಹೊಸಬರನ್ನು 30 ದಿನದೊಳಗೆ ತರಬೇತಿಗೆ ಕಳಿಸಬೇಕು, ತಲೆಗೆ 15,000 ರೂಪಾಯಿ ಎಂದಿದ್ದರೆ ಅದು ತರಬೇತಿಯ ಜೊತೆಗೆ ಶುಲ್ಕದ ಪಟ್ಟಿಗೂ ಸೇರಬೇಕು. ಕೆಲಸಗಾರರು ನಿಲ್ಲದ ಈ ಉದ್ಯಮದಲ್ಲಿ ಅದು ವರ್ಷವರ್ಷವೂ ಬರುವ ಖರ್ಚು.

ಈ ಹಾಳೆಗಳು ಒಪ್ಪಂದದ ಬದಲಿಯಲ್ಲ. ವಿವಾದ ಬಂದರೆ ನಿಲ್ಲುವುದು ಮೂಲ ಪತ್ರವೇ. ‘ಇದೇ ಪೂರ್ಣ ಒಪ್ಪಂದ’ ಎಂಬ ಕಲಮು ಕೊನೆಯಲ್ಲಿ ಸಾಮಾನ್ಯವಾಗಿ ಇರುವುದರಿಂದ ಬಾಯಿಮಾತಿನ ಭರವಸೆಗಳನ್ನು ನಂಬಿ ಕೂರುವಂತಿಲ್ಲ. ‘ಒಪ್ಪಂದ ಹೇಳಿಲ್ಲ’, ‘ಮಿತಿ ಇಲ್ಲ’ ಎಂದು ಬರೆದ ಸಾಲುಗಳನ್ನೆಲ್ಲ ಪ್ರಶ್ನೆಗಳಾಗಿ ಕಂಪನಿಗೆ ಇಮೇಲ್ ಮಾಡಿ. ಉತ್ತರಗಳು ಒಪ್ಪಂದದೊಳಗೆ ಸೇರಿದ ಮೇಲಷ್ಟೇ ಮುಂಗಡ ಕಟ್ಟಿ.