ಒಂದೇ ಅಕ್ಷರ ಬದಲಾದರೆ ಸೋಲುವ ಔಷಧ

ಕ್ಷಯಕ್ಕೆ ಮಾತ್ರೆ ಶುರು ಮಾಡುವವರಿಗೆ ಆರೋಗ್ಯ ಕಾರ್ಯಕರ್ತರು ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತಾರೆ: ಮೂತ್ರ ಕೆಂಪಗೆ ಹೋದರೆ ಹೆದರಬೇಡಿ. ಆ ಬಣ್ಣ ರಿಫಾಂಪಿಸಿನ್‌ನದು. ಒಂದೂವರೆ ವರ್ಷ ಎಳೆಯುತ್ತಿದ್ದ ಕ್ಷಯದ ಚಿಕಿತ್ಸೆ ಆರು ತಿಂಗಳಿಗೆ ಇಳಿದದ್ದರಲ್ಲಿ ಈ ಔಷಧದ ಪಾಲು ದೊಡ್ಡದು. ಇದರ ಮೂಲ ಒಂದು ಹಿಡಿ ಮಣ್ಣು. 1957ರಲ್ಲಿ ಇಟಲಿಯ ಮಿಲಾನ್‌ನ ಲೆಪೆಟಿಟ್ ಕಂಪನಿಯ ಪ್ರಯೋಗಾಲಯದಲ್ಲಿ ಪಿಯೆರೊ ಸೆನ್ಸಿ ಮತ್ತು ಮರಿಯಾ ತೆರೆಸಾ ಟಿಂಬಾಲ್ ಅವರು, ಫ್ರಾನ್ಸಿನ ದಕ್ಷಿಣ ಕರಾವಳಿಯ ಪೈನ್ ಕಾಡಿನಿಂದ ಬಂದ ಮಣ್ಣಿನಲ್ಲಿ ಹೊಸ ಬ್ಯಾಕ್ಟೀರಿಯವೊಂದನ್ನು ಗುರುತಿಸಿದರು. ಅದು ಸ್ರವಿಸುತ್ತಿದ್ದ ರಿಫಾಮೈಸಿನ್ ಎಂಬ ವಸ್ತುವನ್ನು ಬಾಯಿಂದ ನುಂಗಿದರೂ ಕೆಲಸ ಮಾಡುವಂತೆ ಮಾರ್ಪಡಿಸಿದಾಗ ಸಿಕ್ಕಿದ್ದೇ ರಿಫಾಂಪಿಸಿನ್.

ಇದು ಬ್ಯಾಕ್ಟೀರಿಯದ ಯಾವ ಭಾಗಕ್ಕೆ ಹೊಡೆಯುತ್ತದೆ? ಪ್ರತಿ ಜೀವಕೋಶವೂ ತನ್ನ ಡಿಎನ್‌ಎಯಲ್ಲಿ ಬರೆದಿರುವುದನ್ನು ಆರ್‌ಎನ್‌ಎ ಎಂಬ ತಾತ್ಕಾಲಿಕ ನಕಲಾಗಿ ಇಳಿಸಿಕೊಂಡು, ಅದನ್ನು ಓದಿ ಪ್ರೋಟೀನ್ ತಯಾರಿಸುತ್ತದೆ. ನಕಲು ತೆಗೆಯುವ ಯಂತ್ರದ ಹೆಸರು ಆರ್‌ಎನ್‌ಎ ಪಾಲಿಮರೇಸ್. ಹಲವು ಪ್ರೋಟೀನುಗಳು ಕೂಡಿ ಆದ ಯಂತ್ರ ಇದು. ಅದರ ದೊಡ್ಡ ಭಾಗಗಳಲ್ಲೊಂದು ಬೀಟಾ ಉಪಘಟಕ. 2001ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸೇಥ್ ಡಾರ್ಸ್ಟ್ ತಂಡ ರಿಫಾಂಪಿಸಿನ್ ಅಂಟಿಕೊಂಡ ಪಾಲಿಮರೇಸ್‌ನ ಹರಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿ ಒಳಚಿತ್ರವನ್ನು ಬಿಡಿಸಿಟ್ಟಿತು. ಔಷಧ ಕುಳಿತದ್ದು ಬೀಟಾ ಉಪಘಟಕದ ಒಂದು ಗುಳಿಯಲ್ಲಿ. ಅಕ್ಷರಗಳನ್ನು ಒಂದಕ್ಕೊಂದು ಪೋಣಿಸುವ ಜಾಗವನ್ನು ಅದು ಮುಟ್ಟಿರಲಿಲ್ಲ. ಅಲ್ಲಿಂದ ಒಂದು ನ್ಯಾನೋಮೀಟರ್‌ಗಿಂತ ತುಸು ಆಚೆ, ಹೊಸ ಆರ್‌ಎನ್‌ಎ ಹೊರಬರುವ ದಾರಿಯಲ್ಲೇ ಅಡ್ಡ ಕೂತಿತ್ತು.

ಚಕ್ಕುಲಿ ಒರಳಿನ ಬಾಯಿಗೆ ಒಳಗಿನಿಂದ ಬೆಣೆ ಸಿಕ್ಕಿಸಿದರೆ ಏನಾಗುತ್ತದೋ ಇಲ್ಲಿ ಆಗುವುದೂ ಅದೇ. ಪಾಲಿಮರೇಸ್ ಕೆಲಸ ಶುರು ಮಾಡುತ್ತದೆ, ಎರಡೋ ಮೂರೋ ಅಕ್ಷರಗಳನ್ನು ಜೋಡಿಸುತ್ತದೆ, ಆಮೇಲೆ ಎಳೆ ಮುಂದಕ್ಕೆ ಹೋಗಲು ಜಾಗವಿಲ್ಲ. ಆ ತುಣುಕನ್ನು ಉದುರಿಸಿ ಮತ್ತೆ ಮೊದಲಿನಿಂದ ಶುರು, ಮತ್ತೆ ಅದೇ ಗತಿ. ಆದರೆ ಔಷಧ ಬರುವ ಹೊತ್ತಿಗೆ ಎಳೆ ಆಗಲೇ ಉದ್ದವಾಗಿ ಆ ದಾರಿಯನ್ನು ತುಂಬಿಕೊಂಡಿದ್ದರೆ ಔಷಧಕ್ಕೆ ಅಲ್ಲಿ ಪ್ರವೇಶವಿಲ್ಲ. ಆ ಒಂದು ನಕಲು ಪೂರ್ತಿಯಾಗಿಯೇ ತೀರುತ್ತದೆ. ರಿಫಾಂಪಿಸಿನ್ ತಡೆಯುವುದು ಹೊಸ ನಕಲುಗಳನ್ನು. ಮನುಷ್ಯನ ಪಾಲಿಮರೇಸ್‌ಗಳಲ್ಲಿ ಔಷಧಕ್ಕೆ ಹೊಂದುವ ಗುಳಿ ಇಲ್ಲದ್ದರಿಂದ ನಮ್ಮ ಜೀವಕೋಶಗಳ ನಕಲು ಕೆಲಸ ನಿಲ್ಲುವುದಿಲ್ಲ.

ಔಷಧದ ಬಲವೆಲ್ಲ ಈ ಹೊಂದಾಣಿಕೆಯಲ್ಲಿದೆ. ದೌರ್ಬಲ್ಯವೂ ಅಲ್ಲೇ.

ಬೀಟಾ ಉಪಘಟಕವನ್ನು ಬರೆದಿಟ್ಟಿರುವುದು ಒಂದೇ ವಂಶವಾಹಿ, ಆರ್‌ಪಿಓ-ಬಿ. ಕ್ಷಯದ ಬ್ಯಾಕ್ಟೀರಿಯದಲ್ಲಿ ಅದರ ಪ್ರತಿ ಇರುವುದೂ ಒಂದೇ. ಹಾಗಾಗಿ ಅಲ್ಲಿ ಬದಲಾದ ಅಕ್ಷರವನ್ನು ಮರೆಮಾಚಲು ಇನ್ನೊಂದು ಸರಿಯಾದ ಪ್ರತಿ ಇರುವುದಿಲ್ಲ. ಆ ಕೋಶದ ಸಂತತಿಯಲ್ಲಿ ಹುಟ್ಟುವ ಪಾಲಿಮರೇಸ್‌ಗಳೆಲ್ಲ ಬದಲಾದವೇ. ನಿರೋಧಕ ತಳಿಗಳಲ್ಲಿ ಅತಿ ಹೆಚ್ಚು ಕಾಣುವ ರೂಪಾಂತರವನ್ನೇ ನೋಡಬಹುದು. ಪ್ರೋಟೀನಿನ 450ನೇ ಸ್ಥಾನದಲ್ಲಿ ಸಿರೀನ್ ಎಂಬ ಪುಟ್ಟ ಅಮೈನೋ ಆಮ್ಲವಿದೆ. ವಂಶವಾಹಿಯಲ್ಲಿ ಅದರ ಬರಹ ಟಿ-ಸಿ-ಜಿ. ನಡುವಿನ ಸಿ ಹೋಗಿ ಟಿ ಬಂದರೆ ಟಿ-ಟಿ-ಜಿ, ಅಂದರೆ ಲ್ಯೂಸಿನ್. ಸಿರೀನ್ ಔಷಧವನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತಿತ್ತು. ಲ್ಯೂಸಿನ್‌ಗೆ ಅಂಥ ಬಂಧ ಹೂಡಲು ಬರುವುದಿಲ್ಲ, ಗಾತ್ರವೂ ದೊಡ್ಡದು. ಔಷಧ ಕೂರಲಾರದು. ಪಾಲಿಮರೇಸ್ ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಕೆಲಸ ಮಾಡುತ್ತದೆ. (ಹಳೆಯ ವರದಿಗಳಲ್ಲಿ ಇದೇ ಸ್ಥಾನಕ್ಕೆ 531 ಎಂಬ ಸಂಖ್ಯೆ ಇರುತ್ತದೆ. ಅದು ಕರುಳಿನ ಬ್ಯಾಕ್ಟೀರಿಯ ಇ. ಕೋಲಿಯ ಎಣಿಕೆ, ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಂಡವರು ಕಡಿಮೆಯೇನಲ್ಲ.)

ಹಾಗಾದರೆ ನಿರೋಧ ಎಲ್ಲೆಂದರಲ್ಲಿ ಹುಟ್ಟಬೇಕಲ್ಲ? ಹುಟ್ಟುವುದಿಲ್ಲ. ಪಾಲಿಮರೇಸ್ ಇಲ್ಲದೆ ಬ್ಯಾಕ್ಟೀರಿಯ ಬದುಕದು. ಆದ್ದರಿಂದ ಔಷಧವನ್ನು ಹೊರಗಿಟ್ಟೂ ಯಂತ್ರವನ್ನು ಕೆಡಿಸದ ಕೆಲವೇ ಬದಲಾವಣೆಗಳು ಉಳಿಯುತ್ತವೆ. ಐಸೋನಿಯಾಜಿಡ್ ಎಂಬ ಇನ್ನೊಂದು ಕ್ಷಯದ ಔಷಧದ ಕಥೆ ಬೇರೆ. ಅದನ್ನು ಚುರುಕುಗೊಳಿಸುವುದು ಬ್ಯಾಕ್ಟೀರಿಯದ್ದೇ ಒಂದು ಕಿಣ್ವ. ಆ ಕಿಣ್ವ ಹೇಗೆ ಕೆಟ್ಟರೂ ಸರಿ, ಔಷಧ ನಿಷ್ಪ್ರಯೋಜಕ. ಅದಕ್ಕೇ ಐಸೋನಿಯಾಜಿಡ್ ತಡೆದುಕೊಳ್ಳುವ ಬ್ಯಾಕ್ಟೀರಿಯ ಸುಮಾರು ಹತ್ತು ಲಕ್ಷಕ್ಕೆ ಒಂದು ಸಿಕ್ಕರೆ, ರಿಫಾಂಪಿಸಿನ್ ತಡೆದುಕೊಳ್ಳುವುದು ಸುಮಾರು ಹತ್ತು ಕೋಟಿಗೆ ಒಂದು.

ಹತ್ತು ಕೋಟಿ ಎಂದರೆ ಕ್ಷೇಮ ಎಂದುಕೊಳ್ಳುವಂತಿಲ್ಲ. ಕ್ಷಯ ಶ್ವಾಸಕೋಶದಲ್ಲಿ ಕೊರೆದ ಒಂದು ಕುಹರದಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯ ಇರಬಲ್ಲವು. ಲೆಕ್ಕ ಹಾಕಿದರೆ, ಒಂದು ಮಾತ್ರೆಯನ್ನೂ ನುಂಗುವ ಮೊದಲೇ ಅಲ್ಲಿ ರಿಫಾಂಪಿಸಿನ್‌ಗೆ ಜಗ್ಗದ ಹತ್ತಾದರೂ ಇವೆ. ಔಷಧ ಅವನ್ನು ಹುಟ್ಟಿಸುವುದಿಲ್ಲ, ಉಳಿದವನ್ನು ಕೊಂದು ಅವಕ್ಕೆ ಜಾಗ ಮಾಡಿಕೊಡುತ್ತದೆ. ಎರಡು ಔಷಧ ಒಟ್ಟಿಗೆ ಕೊಟ್ಟಾಗ ಎರಡನ್ನೂ ತಡೆಯುವ ಒಂದೇ ಒಂದು ಬ್ಯಾಕ್ಟೀರಿಯಕ್ಕಾಗಿ ಹತ್ತು ಕೋಟಿಯನ್ನು ಹತ್ತು ಲಕ್ಷದಿಂದ ಗುಣಿಸಬೇಕು, ಅಂದರೆ ಕೋಟಿ ಕೋಟಿಗೆ ಒಂದು. ಅಷ್ಟು ಬ್ಯಾಕ್ಟೀರಿಯ ಯಾರ ಎದೆಯಲ್ಲೂ ಹಿಡಿಸುವುದಿಲ್ಲ. ಈ ಲೆಕ್ಕ ಕೆಡುವುದು ರೋಗಿಗೆ ತಗುಲಿದ ತಳಿ ಮೊದಲೇ ಐಸೋನಿಯಾಜಿಡ್ ನಿರೋಧಕವಾಗಿದ್ದಾಗ, ಅಥವಾ ಮಾತ್ರೆಗಳಲ್ಲಿ ಕೆಲವನ್ನಷ್ಟೇ ನುಂಗಿದಾಗ. ಆಗ ರಿಫಾಂಪಿಸಿನ್ ಒಂಟಿಯಾಗಿ ಹೊಡೆದಾಡಬೇಕಾಗುತ್ತದೆ.

ರೂಪಾಂತರಗಳು ಹೀಗೆ ಇಕ್ಕಟ್ಟಾದ ಜಾಗದಲ್ಲೇ ಗುಂಪುಗೂಡುವುದು ಪ್ರಯೋಗಾಲಯಕ್ಕೆ ವರವಾಯಿತು. ನಿರೋಧಕ ತಳಿಗಳಲ್ಲಿ ಸುಮಾರು ಶೇ. 95ರಲ್ಲಿ ಬದಲಾವಣೆ ಇರುವುದು ಆರ್‌ಪಿಓ-ಬಿಯ 81 ಅಕ್ಷರಗಳಲ್ಲಿ, ಅಂದರೆ 426ರಿಂದ 452ರವರೆಗಿನ 27 ಅಮೈನೋ ಆಮ್ಲಗಳಲ್ಲಿ. ಜೀನ್‌ಎಕ್ಸ್‌ಪರ್ಟ್ ಯಂತ್ರ, ನಮ್ಮ ಆಸ್ಪತ್ರೆಗಳ ಭಾಷೆಯಲ್ಲಿ ಸಿಬಿನಾಟ್, ಓದುವುದು ಇಷ್ಟನ್ನೇ. ಅದರ ಮೂಲ ಆವೃತ್ತಿಯಲ್ಲಿ ಐದು ಶೋಧಕಗಳು ಈ 81 ಅಕ್ಷರಗಳನ್ನು ಹಂಚಿಕೊಂಡಿರುತ್ತವೆ. ಕಫದಲ್ಲಿರುವ ಡಿಎನ್‌ಎ ಸಹಜ ಬರಹಕ್ಕೆ ಹೊಂದಿದರೆ ಐದೂ ಬೆಳಗುತ್ತವೆ. ಎಲ್ಲೋ ಅಕ್ಷರ ಬದಲಾಗಿದ್ದರೆ ಅಲ್ಲಿನ ಶೋಧಕ ಬೆಳಗುವುದಿಲ್ಲ, ಇಲ್ಲವೆ ತಡವಾಗಿ ಬೆಳಗುತ್ತದೆ. ವಾರಗಟ್ಟಲೆ ಕಾಯಿಸುತ್ತಿದ್ದ ಕಲ್ಚರ್‌ನ ಉತ್ತರ ಎರಡು ಗಂಟೆಯಲ್ಲಿ ಸಿಗುತ್ತದೆ. ಯಂತ್ರ ಅಕ್ಷರ ನೋಡುತ್ತದೆಯೇ ಹೊರತು ಅರ್ಥವನ್ನಲ್ಲ. ಹಾಗಾಗಿ ಅಮೈನೋ ಆಮ್ಲವನ್ನು ಬದಲಿಸದ ಅಕ್ಷರ ವ್ಯತ್ಯಾಸಕ್ಕೂ ಅಪರೂಪಕ್ಕೆ ‘ನಿರೋಧ ಇದೆ’ ಎಂದುಬಿಡುತ್ತದೆ.

ಅದಕ್ಕಿಂತ ಅಪಾಯಕಾರಿ ತಪ್ಪು ಬೆಳಕಿಗೆ ಬಂದದ್ದು ದಕ್ಷಿಣ ಆಫ್ರಿಕಾದ ಪಕ್ಕದ ಪುಟ್ಟ ದೇಶ ಸ್ವಾಜಿಲ್ಯಾಂಡಿನಲ್ಲಿ. ಈಗ ಅದು ಎಸ್ವಾಟಿನಿ. ಅಲ್ಲಿ 2009ರ ಸಮೀಕ್ಷೆಯಲ್ಲಿ ಸಂಗ್ರಹಿಸಿದ ಬಹುಔಷಧ ನಿರೋಧಕ ತಳಿಗಳ ಡಿಎನ್‌ಎ ಓದಿದಾಗ, ಸುಮಾರು ಶೇ. 30ರಲ್ಲಿ ರೂಪಾಂತರ ಇದ್ದದ್ದು 491ನೇ ಸ್ಥಾನದಲ್ಲಿ: ಐಸೋಲ್ಯೂಸಿನ್ ಇರಬೇಕಾದ ಕಡೆ ಫಿನೈಲಲನಿನ್. ಸ್ಥಾನ ಆ 27ರ ಗಡಿಯಾಚೆ. ಎಕ್ಸ್‌ಪರ್ಟ್‌ನ ಐದು ಶೋಧಕಗಳೂ ಬೆಳಗಿ ‘ನಿರೋಧ ಇಲ್ಲ’ ಎಂದವು. ದ್ರವ ಮಾಧ್ಯಮದ ಕಲ್ಚರ್ ಕೂಡ ಹಲವು ಬಾರಿ ಹಾಗೇ ಹೇಳಿತು, ಏಕೆಂದರೆ ಈ ರೂಪಾಂತರ ಔಷಧವನ್ನು ತಡೆಯುವುದು ಮಧ್ಯಮ ಮಟ್ಟದಲ್ಲಿ. ವರದಿ ಪ್ರಕಟವಾದದ್ದು 2015ರಲ್ಲಿ. ಪರೀಕ್ಷೆಯನ್ನು ನಂಬಿ ಅದೇ ಮಾತ್ರೆ ಮುಂದುವರಿಸಿದಷ್ಟೂ ಪರೀಕ್ಷೆಯ ಕಣ್ಣಿಗೆ ಬೀಳದ ಈ ತಳಿಯೇ ಹಬ್ಬುತ್ತದೆ.

ಹೀಗಾಗಿ ಯಂತ್ರ ಸರಿ ಎಂದ ಮೇಲೂ, ಮಾತ್ರೆಗಳನ್ನು ತಪ್ಪದೆ ನುಂಗುತ್ತಿರುವವರ ಕಫದಲ್ಲಿ ತಿಂಗಳುಗಳ ನಂತರವೂ ಬ್ಯಾಕ್ಟೀರಿಯ ಬೆಳೆಯುತ್ತಿದ್ದರೆ ಮಾದರಿಯನ್ನು ಸೀಕ್ವೆನ್ಸಿಂಗ್‌ಗೆ ಕಳಿಸಬೇಕಾಗುತ್ತದೆ. ಆಗ ಓದುವುದು ಆ 81 ಅಕ್ಷರಗಳನ್ನಷ್ಟೇ ಅಲ್ಲ, ಅದರ ಆಚೆಯ ಆರ್‌ಪಿಓ-ಬಿಯನ್ನೂ.