ಆಡಿಟ್ ಆಕ್ಷೇಪಣೆಗೆ ತಾರೀಖು ಹಾಕಿ ಕೊಟ್ಟ ಉತ್ತರ

ಆಂತರಿಕ ಆಡಿಟ್ ಮುಗಿದ ಮೇಲೆ ಆಡಿಟರ್‌ಗಳು ತಮಗೆ ಕಂಡ ಲೋಪಗಳನ್ನು ಸ್ಲೈಡ್‌ಗಳಲ್ಲಿ ಜೋಡಿಸಿ ಕಂಪನಿಯ ಮುಖ್ಯಸ್ಥರ ಮುಂದಿಡುತ್ತಾರೆ. 2013ರ ಕಂಪನಿ ಕಾಯ್ದೆಯ 138ನೇ ಕಲಮಿನ ಪ್ರಕಾರ, ವರ್ಷಕ್ಕೆ 200 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ ಖಾಸಗಿ ಕಂಪನಿಗೂ ಈ ಆಡಿಟ್ ಕಡ್ಡಾಯ. ಸ್ಲೈಡ್ ನೋಡಿದ ಆಡಳಿತವರ್ಗ ಲಿಖಿತ ಉತ್ತರ ಕೊಡಬೇಕು: ಏನನ್ನು ಒಪ್ಪುತ್ತೇವೆ, ಏನನ್ನು ಸರಿಪಡಿಸುತ್ತೇವೆ, ಯಾರು, ಯಾವ ತಾರೀಖಿನೊಳಗೆ. ಸರ್ಕಾರಿ ಕಚೇರಿಗಳಲ್ಲಿ ಅನುಪಾಲನಾ ವರದಿ ಮಾಡುವ ಕೆಲಸವನ್ನೇ ಇಲ್ಲಿ ಈ ಪತ್ರ ಮಾಡುತ್ತದೆ. ಲೋಪ ನಿಜಕ್ಕೂ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಪತ್ರ ಬರೆಯುವ ಹೊತ್ತಿಗೇ ತೀರ್ಮಾನವಾಗಿಬಿಡುತ್ತದೆ.

ಉದಾಹರಣೆಗೆ ಒಂದು ಕಾಲ್ಪನಿಕ ಸಿದ್ಧ ಉಡುಪು ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಆಡಿಟರ್ ಇಡೀ ವರ್ಷದ ಖರೀದಿ ಬಿಲ್ಲುಗಳನ್ನು ಕಂಪ್ಯೂಟರಿನಿಂದ ಇಳಿಸಿಕೊಂಡು, ಒಬ್ಬನೇ ಸರಬರಾಜುದಾರನಿಗೆ ಒಂದೇ ಮೊತ್ತ ಎರಡು ಸಲ ಹೋಗಿದೆಯೇ ಎಂದು ಹುಡುಕಿದ್ದಾರೆ. ಮೂರು ಬಿಲ್ಲು ಸಿಕ್ಕಿವೆ. ದಾರದ ಬಿಲ್ಲು 1,92,000 ರೂಪಾಯಿ, ಗುಂಡಿಯದು 1,08,000, ರಟ್ಟಿನ ಪೆಟ್ಟಿಗೆಯದು 1,86,000. ಒಟ್ಟು 4,86,000 ರೂಪಾಯಿ ಎರಡನೇ ಸಲ ಪಾವತಿಯಾಗಿದೆ. ಸ್ಲೈಡಿನಲ್ಲಿ ಇಷ್ಟೇ ಇದೆ: ‘ಬಿಲ್ ಪಾವತಿಯಲ್ಲಿ ನಿಯಂತ್ರಣ ಸಾಲದು. ಅಪಾಯ: ಹೆಚ್ಚು.’ ಪಕ್ಕದಲ್ಲೊಂದು ಕೆಂಪು ಗುರುತು.

ಇಂಥ ಸ್ಲೈಡಿಗೆ ಸಾಮಾನ್ಯವಾಗಿ ಬರುವ ಮೊದಲ ಉತ್ತರ ಯಾವ ಕಚೇರಿಯಲ್ಲಾದರೂ ಒಂದೇ. ‘ಗಮನಿಸಲಾಗಿದೆ. ಹಣ ವಸೂಲಿಗೆ ಕ್ರಮ ಕೈಗೊಳ್ಳಲಾಗುವುದು. ಮುಂದೆ ಎಚ್ಚರ ವಹಿಸುವಂತೆ ಸಿಬ್ಬಂದಿಗೆ ಸೂಚಿಸಲಾಗಿದೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಪರೀಕ್ಷಿಸಿ ನೋಡಬಹುದಾದ ಒಂದು ಮಾತೂ ಇಲ್ಲ. ಆರು ತಿಂಗಳ ನಂತರ ಆಡಿಟರ್ ಬಂದು ‘ಎಚ್ಚರ ವಹಿಸಿದ್ದೀರಾ?’ ಎಂದು ಕೇಳಿದರೆ, ‘ವಹಿಸಿದ್ದೇವೆ’ ಎಂದರೆ ಮುಗಿಯಿತು.

ಸರಿಯಾದ ಉತ್ತರ ಹುಟ್ಟುವುದು ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ. ದಾರದ ಬಿಲ್ಲು ಮೊದಲು ಇಮೇಲಿನಲ್ಲಿ ಬಂದಿತ್ತು. ಗುಮಾಸ್ತರು ಅದರ ನಂಬರನ್ನು TX/0418 ಎಂದು ಹೊಡೆದಿದ್ದರು. ವಾರದ ಮೇಲೆ ಅದೇ ಬಿಲ್ಲಿನ ಕಾಗದದ ಪ್ರತಿ ಸರಕಿನ ಜೊತೆ ಗೇಟಿಗೆ ಬಂತು. ಇನ್ನೊಬ್ಬರು TX-418 ಎಂದು ಹೊಡೆದರು. ನಂಬರು ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಸಾಫ್ಟ್‌ವೇರ್ ತಡೆಯುತ್ತದೆ. ಗುಂಡಿಯ ಬಿಲ್ಲಿನದೂ ಇದೇ ಕಥೆ. ಪೆಟ್ಟಿಗೆಯ ಬಿಲ್ಲಿನದು ಬೇರೆ. ಅಲ್ಲಿ ನಂಬರು ಎರಡೂ ಸಲ ಸರಿಯಾಗಿಯೇ ಇದೆ, ಆದರೆ ಆ ಸರಬರಾಜುದಾರನ ಹೆಸರು ಪಟ್ಟಿಯಲ್ಲಿ ಎರಡು ಕೋಡುಗಳಲ್ಲಿದೆ. ಒಂದೊಂದು ಕೋಡಿನಲ್ಲಿ ಒಂದೊಂದು ಸಲ ಬಿಲ್ಲು ಏರಿದ್ದರಿಂದ ಸಾಫ್ಟ್‌ವೇರಿನ ಕಣ್ಣಿಗೆ ಅವರು ಇಬ್ಬರು ಬೇರೆ ವ್ಯಾಪಾರಿಗಳು.

ಅಂದರೆ ಲೋಪ ಒಂದಾದರೂ ಕಾರಣ ಎರಡು. ಸಿಬ್ಬಂದಿಗೆ ಎಷ್ಟು ಸುತ್ತೋಲೆ ಹೊರಡಿಸಿದರೂ ಎರಡೂ ಕಾರಣಗಳು ಹಾಗೆಯೇ ಉಳಿಯುತ್ತವೆ. ಸ್ಲೈಡಿನಲ್ಲಿ ಇಲ್ಲದ ಮತ್ತೊಂದು ವಿಷಯವೂ ಇಲ್ಲಿ ಹೊರಬೀಳುತ್ತದೆ. ಬಿಲ್ಲು ಎರಡು ಸಲ ಏರಿದ್ದರೆ ಅದರ ಮೇಲಿನ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನೂ ಎರಡು ಸಲ ಪಡೆದಿರುವ ಸಾಧ್ಯತೆ ಇದೆ. ಪಡೆದಿದ್ದರೆ ಹಿಂತಿರುಗಿಸಬೇಕು, ಬಳಸಿಯೂ ಆಗಿದ್ದರೆ ಬಡ್ಡಿ ಸೇರಿಸಿ ಕಟ್ಟಬೇಕು. ಆಡಿಟರ್ ಹೇಳಲಿಲ್ಲವೆಂದು ಇದನ್ನು ಪತ್ರದಿಂದ ಬಿಡುವುದು ಸಲ್ಲದು. ಅದನ್ನು ತಾವಾಗಿಯೇ ಬರೆದುಕೊಳ್ಳುವ ಆಡಳಿತದ ಉತ್ತರವನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ಪತ್ರ. ಮೊದಲ ಸಾಲಿನಲ್ಲಿ ಒಪ್ಪಿಗೆ ಇರಬೇಕು, ಒಪ್ಪಿದ ಸಂಗತಿಯನ್ನು ಮೊತ್ತದ ಸಮೇತ ಹೇಳಬೇಕು. ನಂತರ ಕ್ರಮಗಳು. ಆಗಿಹೋದದ್ದನ್ನು ಸರಿಮಾಡುವುದು ಬೇರೆ, ಮತ್ತೆ ಆಗದಂತೆ ತಡೆಯುವುದು ಬೇರೆ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ಹಣ ವಾಪಸು ಬಂದ ದಿನವೇ ಕಡತ ಮುಚ್ಚಿಹೋಗುತ್ತದೆ. ನಮ್ಮ ಕಾರ್ಖಾನೆಯ ಪತ್ರದ ಭಾಗ ಹೀಗಿರಬಹುದು:

‘ಮೂರು ಬಿಲ್ಲುಗಳಿಗೆ ಒಟ್ಟು ರೂ. 4,86,000 ಎರಡನೇ ಸಲ ಪಾವತಿಯಾಗಿರುವುದನ್ನು ಒಪ್ಪುತ್ತೇವೆ. ದಾರ ಮತ್ತು ಪೆಟ್ಟಿಗೆಯ ಮೊತ್ತವನ್ನು ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಳ್ಳಲಾಗುವುದು. ಗುಂಡಿಯ ಸರಬರಾಜುದಾರರೊಂದಿಗೆ ಈಗ ವ್ಯವಹಾರವಿಲ್ಲದ ಕಾರಣ ಹಣ ಮರಳಿಸಲು ಪತ್ರ ಬರೆಯಲಾಗುವುದು. ಹೊಣೆ: ಲೆಕ್ಕಪತ್ರ ವ್ಯವಸ್ಥಾಪಕರು. ಗಡುವು: 31 ಜುಲೈ 2025. ಎರಡು ಸಲ ಪಡೆದಿರಬಹುದಾದ ತೆರಿಗೆ ಜಮೆಯ ಪರಿಶೀಲನೆಯೂ ಅಷ್ಟರೊಳಗೆ ಮುಗಿಯುವುದು. ಬಿಲ್ ನಂಬರಿನಲ್ಲಿರುವ ಚಿಹ್ನೆಗಳನ್ನೂ ಅಂಕಿಗಳ ಮುಂದಿನ ಸೊನ್ನೆಯನ್ನೂ ಬಿಟ್ಟು ಹೋಲಿಸುವಂತೆ ಸಾಫ್ಟ್‌ವೇರ್ ಬದಲಿಸಲಾಗುವುದು. ಹೊಣೆ: ಐಟಿ ಮುಖ್ಯಸ್ಥರು. ಗಡುವು: 15 ಸೆಪ್ಟೆಂಬರ್ 2025. ಅಲ್ಲಿಯವರೆಗೆ ಪ್ರತಿ ಶುಕ್ರವಾರದ ಪಾವತಿಗೆ ಮುನ್ನ, ಹಿಂದಿನ 90 ದಿನಗಳಲ್ಲಿ ಅದೇ ಸರಬರಾಜುದಾರರಿಗೆ ಅದೇ ಮೊತ್ತ ಹೋಗಿದ್ದರೆ ಅದರ ಪಟ್ಟಿ ತೆಗೆದು ಲೆಕ್ಕಪತ್ರ ವ್ಯವಸ್ಥಾಪಕರು ಸಹಿ ಮಾಡುವರು.’

ಕೊನೆಯ ವಾಕ್ಯವನ್ನು ಹಲವರು ಮರೆಯುತ್ತಾರೆ. ಸಾಫ್ಟ್‌ವೇರ್ ಬದಲಾಗಲು ಎರಡೂವರೆ ತಿಂಗಳು ಬೇಕೆಂದರೆ ಆ ಎರಡೂವರೆ ತಿಂಗಳೂ ಪಾವತಿ ನಡೆಯುತ್ತಲೇ ಇರುತ್ತದೆ. ನಡುವಿನ ಅವಧಿಗೆ ಕೈಯಾರೆ ಮಾಡುವ ತಪಾಸಣೆ ಇಲ್ಲದಿದ್ದರೆ ಗೊತ್ತಿದ್ದೂ ಬಾಗಿಲು ತೆರೆದಿಟ್ಟಂತೆ.

ಸರಬರಾಜುದಾರರ ಪಟ್ಟಿಯನ್ನು ಶುದ್ಧಗೊಳಿಸಲು ಇನ್ನೊಂದು ಕ್ರಮ ಬೇಕು. ಹೆಸರಿನಿಂದ ಹುಡುಕಿದರೆ ಪ್ರಯೋಜನವಿಲ್ಲ, ‘ಟ್ರೇಡರ್ಸ್’ ಒಂದು ಕಡೆ ‘ಟ್ರೇಡರ್’ ಆಗಿರುತ್ತದೆ. 15 ಅಕ್ಷರಗಳ ಜಿಎಸ್‌ಟಿ ನಂಬರಿನಲ್ಲಿ ಮೊದಲೆರಡು ಅಂಕಿ ರಾಜ್ಯದ್ದು, ನಂತರದ ಹತ್ತು ಅಕ್ಷರ ಪ್ಯಾನ್. ಪ್ಯಾನ್ ಒಂದೇ ಆಗಿರುವ ಕೋಡುಗಳನ್ನು ಗುಂಪು ಮಾಡಿ ಒಂದೊಂದನ್ನೂ ನೋಡಬೇಕು. ಬೇರೆ ರಾಜ್ಯದ ಶಾಖೆಗೆಂದು ಬೇರೆ ಕೋಡು ಇರುವುದು ಸಹಜ, ಅದನ್ನು ಮುಚ್ಚುವಂತಿಲ್ಲ. ಆದ್ದರಿಂದ ಇದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲ, ಅದರ ತಾರೀಖನ್ನು ಕೆಲಸ ಮಾಡುವವರನ್ನೇ ಕೇಳಿ ಹಾಕಬೇಕು. ಎಲ್ಲ ಕ್ರಮಗಳಿಗೂ ಮಾರ್ಚ್ 31 ಎಂದು ಬರೆದ ಪತ್ರ ಕಂಡರೆ ಯಾರನ್ನೂ ಕೇಳಿಲ್ಲವೆಂದು ಅರ್ಥ. ವರ್ಷಾಂತ್ಯದ ಲೆಕ್ಕ ಮುಗಿಸುವ ಆ ದಿನಗಳಲ್ಲಿ ಲೆಕ್ಕಪತ್ರ ವಿಭಾಗಕ್ಕೆ ತಲೆ ಎತ್ತಲೂ ಬಿಡುವಿರುವುದಿಲ್ಲ.

ಆಡಿಟರ್ ಹೇಳಿದ್ದೆಲ್ಲವನ್ನೂ ಒಪ್ಪಬೇಕೆಂದೂ ಇಲ್ಲ. ಸರಬರಾಜುದಾರರ ಪಟ್ಟಿ ನೋಡಿಕೊಳ್ಳಲು ಹೊಸಬರೊಬ್ಬರನ್ನು ನೇಮಿಸಿ ಎಂದು ಸ್ಲೈಡ್ ಸಲಹೆ ಕೊಟ್ಟಿದ್ದರೆ, ಕಂಪನಿ ‘ಭಾಗಶಃ ಒಪ್ಪಿಗೆ’ ಎನ್ನಬಹುದು. ನೇಮಕ ಮಾಡುವುದಿಲ್ಲ, ಬದಲಿಗೆ ಪಾವತಿ ಮಾಡುವವರ ಕೈಯಿಂದ ಹೊಸ ಕೋಡು ತೆರೆಯುವ ಅಧಿಕಾರ ತೆಗೆದು ಖರೀದಿ ವಿಭಾಗದ ಮುಖ್ಯಸ್ಥರಿಗೆ ಕೊಡುತ್ತೇವೆ ಎಂದು. ಇದರಲ್ಲೂ ಸ್ವಲ್ಪ ಅಪಾಯ ಉಳಿಯುತ್ತದೆ: ಮಾಲು ತರಿಸುವವರೇ ಹೊಸ ಸರಬರಾಜುದಾರರನ್ನೂ ಸೇರಿಸುತ್ತಾರೆ. ಆ ಉಳಿದ ಅಪಾಯವನ್ನು ಪತ್ರದಲ್ಲೇ ಬರೆದು, ಅದನ್ನು ಒಪ್ಪಿಕೊಂಡ ವ್ಯವಸ್ಥಾಪಕ ನಿರ್ದೇಶಕರು ಸಹಿ ಹಾಕಬೇಕು. ಆಡಿಟರ್‌ಗೆ ಅದು ಸಾಲದೆನಿಸಿದರೆ ಎರಡೂ ಕಡೆಯ ಅಭಿಪ್ರಾಯ ವರದಿಯಲ್ಲಿ ಉಳಿಯುತ್ತದೆ.

ಇನ್ನು ‘ಮುಗಿದಿದೆ’ ಎನ್ನುವುದು ಯಾವಾಗ? ಸಾಫ್ಟ್‌ವೇರ್ ಕಂಪನಿಯ ಇಮೇಲ್ ತೋರಿಸಿದರೆ ಸಾಲದು. TX/0418 ಇರುವಾಗಲೇ TX-418 ಎಂದು ಹೊಡೆದು, ಕಂಪ್ಯೂಟರ್ ತಡೆಯುವ ಪರದೆಯ ಚಿತ್ರ ತೆಗೆದಿಡಬೇಕು. ಅದು ಬದಲಾವಣೆ ಆಗಿದೆ ಎಂಬುದಕ್ಕೆ ಸಾಕ್ಷಿ. ಕೆಲಸ ಮಾಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು: ಡಿಸೆಂಬರಿನಲ್ಲಿ ಆಡಿಟರ್ ಅಕ್ಟೋಬರ್, ನವೆಂಬರ್ ಬಿಲ್ಲುಗಳನ್ನು ಮೊದಲಿನ ರೀತಿಯಲ್ಲೇ ಮತ್ತೆ ಜಾಲಾಡುತ್ತಾರೆ. ಜಿಎಸ್‌ಟಿಆರ್-2ಬಿ ಪಟ್ಟಿ ಕೂಡ ಇಲ್ಲಿ ನೆರವಿಗೆ ಬರುತ್ತದೆ. ಸರಬರಾಜುದಾರ ಒಂದೇ ಸಲ ತೋರಿಸಿದ ಬಿಲ್ಲು ಕಂಪನಿಯ ಖರೀದಿ ಪುಸ್ತಕದಲ್ಲಿ ಎರಡು ಸಲ ಇದ್ದರೆ ತಿಂಗಳ ತಾಳೆಯಲ್ಲೇ ಸಿಕ್ಕಿಬೀಳುತ್ತದೆ.

ಸೆಪ್ಟೆಂಬರ್ 15ಕ್ಕೆ ಸಾಫ್ಟ್‌ವೇರ್ ತಯಾರಾಗದಿದ್ದರೆ ಐಟಿ ಮುಖ್ಯಸ್ಥರು ಆ ದಿನಕ್ಕೆ ಮೊದಲೇ, ಕಾರಣ ತಿಳಿಸಿ ಹೊಸ ತಾರೀಖು ಕೇಳಬೇಕು. ಶುಕ್ರವಾರದ ಪಟ್ಟಿ ಮುಂದುವರಿಯುತ್ತದೆ. ಹಳೆಯ ತಾರೀಖನ್ನು ಅಳಿಸದೆ, ಹೊಸದನ್ನು ಅದರ ಪಕ್ಕದಲ್ಲೇ ಬರೆಯುತ್ತಾರೆ.